ಧರ್ಮ ಎಂದರೇನು, ಧರ್ಮ ಮಾಡುವುದೇನು

ಕೇಳುಗರೆಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರವನ್ನೋ ಧರ್ಮಗಳ ಅಧ್ಯಯನವನ್ನೋ ಮೊದಲ ವರ್ಷ ಓದುತ್ತಿರುವ ವಿದ್ಯಾರ್ಥಿಗಳು ಈ ಹೊತ್ತಿನಲ್ಲಿ ರೇಡಿಯೋ ಮುಂದೆ ಕುಳಿತಿದ್ದಾರೆ ಎಂದು ಭಾವಿಸಿಕೊಂಡು ನಾನು ಮಾತನಾಡುತ್ತಿದ್ದೇನೆ. ಅವರ ಪಠ್ಯದ ಮೊದಲ ಅಧ್ಯಾಯದಲ್ಲೇ ‘ಧರ್ಮದ ವ್ಯಾಖ್ಯೆ’ ಎಂಬ ಪ್ರಶ್ನೆ ಇರುತ್ತದೆ. ಉತ್ತರ ಪತ್ರಿಕೆಗಳಲ್ಲಿ ಹತ್ತು ಪಂಡಿತರ ಹತ್ತು ವ್ಯಾಖ್ಯೆಗಳನ್ನು ಸಾಲಾಗಿ ಬರೆದು, ಕೊನೆಗೆ ‘ಎಲ್ಲವೂ ತಮ್ಮ ತಮ್ಮ ಮಟ್ಟಿಗೆ ಸರಿ’ ಎಂದು ಮುಗಿಸುವವರನ್ನು ನಾನು ವರ್ಷವರ್ಷವೂ ನೋಡುತ್ತೇನೆ. ದಯವಿಟ್ಟು ಹಾಗೆ ಬರೆಯಬೇಡಿ. ಯಾವುದೇ ವ್ಯಾಖ್ಯೆ ಎದುರಿಗೆ ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ: ಇದು ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ? ಇವತ್ತು ನಾನು ಹೇಳಬೇಕೆಂದಿರುವುದು ಇದಿಷ್ಟೇ.

ವ್ಯಾಖ್ಯೆಗಳು ಎಷ್ಟೇ ಇದ್ದರೂ ಬಗೆ ಎರಡೇ. ಧರ್ಮ ಎಂದರೆ ಏನು, ಅದರೊಳಗೆ ಇರುವ ವಸ್ತು ಯಾವುದು ಎಂದು ಕೇಳುವುದು ಸ್ವರೂಪಾತ್ಮಕ ವ್ಯಾಖ್ಯೆ. ಧರ್ಮ ಏನು ಮಾಡುತ್ತದೆ, ಮನುಷ್ಯನ ಬಾಳಿನಲ್ಲಿ ಅಥವಾ ಸಮಾಜದಲ್ಲಿ ಅದು ನಡೆಸುವ ಕೆಲಸ ಯಾವುದು ಎಂದು ಕೇಳುವುದು ಕಾರ್ಯಾತ್ಮಕ ವ್ಯಾಖ್ಯೆ. ನಮ್ಮ ಭಾಷೆಯಲ್ಲಿ ಈ ಎರಡಕ್ಕೂ ಹತ್ತಿರದ ಎರಡು ಮಾತುಗಳು ಮೊದಲಿನಿಂದಲೂ ಇವೆ. ‘ಮತ’ ಎಂದರೆ ಒಬ್ಬನು ಎಣಿಸಿದ್ದು, ನಂಬಿದ್ದು; ‘ಧರ್ಮ’ ಎಂದರೆ ಧರಿಸುವುದು, ಎತ್ತಿ ಹಿಡಿಯುವುದು. ಒಂದು ಮಾತು ನಂಬಿಕೆಯ ಕಡೆ ನೋಡುತ್ತದೆ, ಇನ್ನೊಂದು ಕೆಲಸದ ಕಡೆ ನೋಡುತ್ತದೆ. ಇಲ್ಲಿ ನಾನು ‘ಧರ್ಮ’ ಎಂಬ ಪದವನ್ನು ಎರಡಕ್ಕೂ ಬಳಸುತ್ತಿದ್ದೇನೆ. ಈ ಪದವೇ ನಮ್ಮನ್ನು ಕೊಂಚ ಕಾರ್ಯದ ಕಡೆಗೆ ಎಳೆಯುತ್ತದೆ ಎಂಬುದು ನೆನಪಿರಲಿ.

ಸ್ವರೂಪಾತ್ಮಕ ವ್ಯಾಖ್ಯೆಗಳಲ್ಲಿ ಅತ್ಯಂತ ಚಿಕ್ಕದು ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1871ರಲ್ಲಿ ಕೊಟ್ಟದ್ದು. ಚೇತನ ರೂಪದ ಜೀವಿಗಳಲ್ಲಿ, ಅಂದರೆ ಆತ್ಮ, ದೇವರು, ದೈವ, ಭೂತ ಇಂಥವುಗಳಲ್ಲಿ ನಂಬಿಕೆ ಇದ್ದರೆ ಅದು ಧರ್ಮ. ತುಳುನಾಡಿನ ಭೂತಾರಾಧನೆ ಈ ಬಾಗಿಲಿನಿಂದ ಸಲೀಸಾಗಿ ಒಳಗೆ ಬರುತ್ತದೆ. ಫ್ರಾನ್ಸಿನ ಎಮಿಲ್ ಡರ್ಕೈಮ್ 1912ರಲ್ಲಿ ಇದಕ್ಕೆ ಆಕ್ಷೇಪ ಎತ್ತಿದಾಗ ಮುಂದಿಟ್ಟದ್ದು ಬೌದ್ಧ ಮತವನ್ನು. ದುಃಖ, ದುಃಖದ ಕಾರಣ, ಅದರ ನಿವೃತ್ತಿ, ಅದರ ಮಾರ್ಗ ಎಂಬ ನಾಲ್ಕು ಸತ್ಯಗಳಲ್ಲಿ ಯಾವ ದೇವರ ಹೆಸರೂ ಬರುವುದಿಲ್ಲ, ಹಾಗಾದರೆ ಅದು ಧರ್ಮವಲ್ಲವೇ ಎಂಬುದು ಅವನ ಪ್ರಶ್ನೆ. ಜೈನ ಮತವನ್ನೂ ಅವನು ಇದೇ ಸಾಲಿಗೆ ಸೇರಿಸಿದ. ಅವನ ಪ್ರಕಾರ ಪವಿತ್ರವೆಂದು ಬೇರೆ ತೆಗೆದಿಟ್ಟ ವಸ್ತುಗಳ ಸುತ್ತ ಇರುವ ನಂಬಿಕೆ ಮತ್ತು ಆಚರಣೆಗಳ ವ್ಯವಸ್ಥೆ ಜನರನ್ನು ಒಂದೇ ನೈತಿಕ ಸಮುದಾಯವಾಗಿ ಬೆಸೆಯುತ್ತಿದ್ದರೆ ಅದು ಧರ್ಮ. ವ್ಯಾಖ್ಯೆಯ ಮೊದಲರ್ಧ ಸ್ವರೂಪವನ್ನೂ ಉಳಿದರ್ಧ ಕಾರ್ಯವನ್ನೂ ಹೇಳುತ್ತದೆ. ಡರ್ಕೈಮ್‌ನನ್ನು ಬರೀ ಕಾರ್ಯಾತ್ಮಕ ಎಂದು ಬರೆಯುವವರು ಆ ಮೊದಲರ್ಧವನ್ನು ಮತ್ತೊಮ್ಮೆ ಓದಬೇಕು.

ಬೌದ್ಧ ಮತದ ಆಕ್ಷೇಪಕ್ಕೆ ಉತ್ತರವೂ ಬಂತು. ಬರ್ಮಾದಲ್ಲಿ ಕ್ಷೇತ್ರಕಾರ್ಯ ಮಾಡಿದ ಮೆಲ್ಫರ್ಡ್ ಸ್ಪೈರೊ 1966ರಲ್ಲಿ, ಮನುಷ್ಯನನ್ನು ಮೀರಿದ ಜೀವಿಗಳೊಂದಿಗಿನ ವ್ಯವಹಾರವೇ ಧರ್ಮದ ಗುರುತು ಎಂದು ಮತ್ತೆ ಸ್ವರೂಪದ ಪಕ್ಷವನ್ನೇ ಹಿಡಿದ. ಬರ್ಮಾದ ಬೌದ್ಧರು ನಾಟ್ ಎಂಬ ದೈವಗಳಿಗೆ ನಡೆದುಕೊಳ್ಳುತ್ತಾರೆ, ಬುದ್ಧನನ್ನೂ ಸಾಮಾನ್ಯ ಮನುಷ್ಯನಂತೆ ಕಾಣುವುದಿಲ್ಲ. ಗ್ರಂಥದ ಬೌದ್ಧ ಮತವೇ ಬೇರೆ, ಊರಿನ ಬೌದ್ಧ ಮತವೇ ಬೇರೆ. ಹೊಂಬುಜದಲ್ಲಿ ಪದ್ಮಾವತಿ ಅಮ್ಮನವರ ಮುಂದೆ ಹರಕೆ ಹೊತ್ತು ನಿಂತ ಜೈನ ಕುಟುಂಬವನ್ನು ಕಂಡವರಿಗೆ ಸ್ಪೈರೊನ ಮಾತು ಕೂಡಲೇ ಅರ್ಥವಾಗುತ್ತದೆ.

ಇದೆಲ್ಲ ಪಂಡಿತರ ವಾದವಾಯಿತು, ನಮಗೇನು ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೇ ತರಗತಿಯಲ್ಲಿ ಪ್ರತಿ ವರ್ಷ ಹೇಳುವ ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ಇದರಲ್ಲಿ ವ್ಯಾಖ್ಯೆ ಬದಲಾದದ್ದಕ್ಕೆ ಒಬ್ಬ ಯುವಕನಿಗೆ ಜೈಲು ತಪ್ಪಿತು.

ಅಮೆರಿಕದಲ್ಲಿ ಆಗ ಯುವಕರಿಗೆ ಸೈನ್ಯದ ಸೇವೆ ಕಡ್ಡಾಯವಾಗಿತ್ತು. ಧಾರ್ಮಿಕ ಶಿಕ್ಷಣ ಮತ್ತು ನಂಬಿಕೆಯ ಕಾರಣದಿಂದ ಯಾವ ಯುದ್ಧದಲ್ಲೂ ಪಾಲ್ಗೊಳ್ಳಲು ಮನಸ್ಸಾಕ್ಷಿ ಒಪ್ಪದವರಿಗೆ ವಿನಾಯಿತಿ ಇತ್ತು. ಹಾಗಾದರೆ ಧಾರ್ಮಿಕ ಎಂದರೇನು ಎಂಬುದನ್ನು 1948ರ ಕಾನೂನು ತಾನೇ ಹೇಳಿಬಿಟ್ಟಿತು: ಪರಮಾತ್ಮನೊಂದಿಗೆ ತನಗೊಂದು ಸಂಬಂಧವಿದೆ, ಆ ಸಂಬಂಧದಿಂದ ಬರುವ ಕರ್ತವ್ಯಗಳು ಮನುಷ್ಯ ಸಂಬಂಧಗಳಿಂದ ಬರುವ ಕರ್ತವ್ಯಗಳಿಗಿಂತ ಮೇಲಿನವು ಎಂಬ ನಂಬಿಕೆ. ರಾಜಕೀಯ, ಸಾಮಾಜಿಕ, ತಾತ್ವಿಕ ಅಭಿಪ್ರಾಯಗಳಾಗಲಿ, ಬರೀ ವೈಯಕ್ತಿಕ ನೀತಿಯಾಗಲಿ ಸಾಲದು ಎಂದೂ ಅದರಲ್ಲೇ ಬರೆದಿತ್ತು. ಇದು ಅಪ್ಪಟ ಸ್ವರೂಪಾತ್ಮಕ ವ್ಯಾಖ್ಯೆ. ಬಾಗಿಲಲ್ಲಿ ನಿಂತವನು ಒಳಗೆ ಬರುವವರಿಗೆ ಕೇಳುವುದು ‘ಪರಮಾತ್ಮನನ್ನು ನಂಬುತ್ತೀಯಾ’ ಎಂದು ಮಾತ್ರ.

ಡೇನಿಯಲ್ ಸೀಗರ್ ಎಂಬ ಯುವಕ 1957ರಲ್ಲಿ ವಿನಾಯಿತಿ ಕೇಳಿದ. ಅರ್ಜಿಯ ನಮೂನೆಯಲ್ಲಿ ಪರಮಾತ್ಮನಲ್ಲಿ ನಂಬಿಕೆ ಇದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಿತ್ತು. ಅವನು ಎರಡನ್ನೂ ಹೇಳದೆ, ಆ ಪ್ರಶ್ನೆಯನ್ನು ತೆರೆದೇ ಇಡುತ್ತೇನೆ ಎಂದ. ದೇವರ ಬಗ್ಗೆ ಸಂಶಯವಿದೆ ಎಂದ ಮಾತ್ರಕ್ಕೆ ಯಾವುದರಲ್ಲೂ ಶ್ರದ್ಧೆ ಇಲ್ಲವೆಂದು ಅರ್ಥವಲ್ಲ, ಒಳಿತನ್ನು ಒಳಿತಿಗಾಗಿಯೇ ನಂಬುತ್ತೇನೆ ಎಂದು ಬರೆದು, ಪ್ಲೇಟೋ, ಅರಿಸ್ಟಾಟಲ್, ಸ್ಪಿನೋಜಾ ಅವರನ್ನು ಸಾಕ್ಷಿಗೆ ಕರೆದ. ಅವನ ಪ್ರಾಮಾಣಿಕತೆಯನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೂ ಕಾನೂನಿನ ವ್ಯಾಖ್ಯೆಗೆ ಅವನು ಒಗ್ಗಲಿಲ್ಲ. ವಿನಾಯಿತಿ ಸಿಗಲಿಲ್ಲ, ಸೈನ್ಯಕ್ಕೆ ಸೇರಲು ಒಪ್ಪದ ಅವನನ್ನು ಕೆಳಗಿನ ನ್ಯಾಯಾಲಯ ಅಪರಾಧಿ ಎಂದಿತು.

1965ರ ಮಾರ್ಚ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದಿಂದ ಸೀಗರ್ ಪರ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಬರೆದ ಆ ತೀರ್ಪಿನ ಒರೆಗಲ್ಲನ್ನು ನಿಧಾನವಾಗಿ ಕೇಳಿ. ದೈವಭಕ್ತನೊಬ್ಬನ ಬಾಳಿನಲ್ಲಿ ದೇವರ ಮೇಲಿನ ನಂಬಿಕೆ ಯಾವ ಸ್ಥಾನದಲ್ಲಿದೆಯೋ, ಅದಕ್ಕೆ ಸಮಾನವಾದ ಸ್ಥಾನವನ್ನು ಈ ವ್ಯಕ್ತಿಯ ಬಾಳಿನಲ್ಲಿ ಈ ಪ್ರಾಮಾಣಿಕ ನಂಬಿಕೆ ತುಂಬುತ್ತಿದೆಯೇ? ತುಂಬುತ್ತಿದ್ದರೆ ಸಾಕು. ಕಾನೂನಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ‘ಪರಮಾತ್ಮ’ ಎಂಬ ಪದ ಅಲ್ಲೇ ಇತ್ತು. ಬದಲಾದದ್ದು ಬಾಗಿಲಲ್ಲಿ ಕೇಳುವ ಪ್ರಶ್ನೆ. ಏನನ್ನು ನಂಬುತ್ತೀಯಾ ಎಂಬುದು ಹೋಗಿ, ನಿನ್ನ ನಂಬಿಕೆ ನಿನ್ನೊಳಗೆ ಏನು ಕೆಲಸ ಮಾಡುತ್ತಿದೆ ಎಂಬುದು ಬಂತು. ಸ್ವರೂಪದಿಂದ ಕಾರ್ಯಕ್ಕೆ ದಾಟುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಕರಣ ನನಗೆ ಗೊತ್ತಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಎಲಿಯಟ್ ವೆಲ್ಶ್ ಎಂಬ ಇನ್ನೊಬ್ಬ ಯುವಕ ಅದೇ ನಮೂನೆಯಲ್ಲಿ ‘ಧಾರ್ಮಿಕ ಶಿಕ್ಷಣ’ ಎಂಬ ಮಾತುಗಳನ್ನೇ ಹೊಡೆದುಹಾಕಿದ್ದ. ತನ್ನ ನಿಲುವು ಧಾರ್ಮಿಕವಲ್ಲ, ಇತಿಹಾಸವನ್ನೂ ಸಮಾಜಶಾಸ್ತ್ರವನ್ನೂ ಓದಿ ಬಂದದ್ದು ಎಂದು ತಾನೇ ಹೇಳಿದ್ದ. ಅವನಿಗೆ ಮೂರು ವರ್ಷ ಸೆರೆವಾಸದ ಶಿಕ್ಷೆಯಾಗಿತ್ತು. 1970ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. ನ್ಯಾಯಮೂರ್ತಿ ಬ್ಲ್ಯಾಕ್ ಬರೆದ ಅಭಿಪ್ರಾಯದಲ್ಲಿ, ವೆಲ್ಶ್ ತನ್ನ ನಂಬಿಕೆಯನ್ನು ಧಾರ್ಮಿಕವಲ್ಲ ಎಂದು ಕರೆದದ್ದಕ್ಕೆ ಹೆಚ್ಚು ತೂಕ ಕೊಡಬೇಕಾಗಿಲ್ಲ ಎಂದಿದೆ. ಅಂದರೆ, ನನ್ನದು ಧರ್ಮವಲ್ಲ ಎಂದು ಕೈಯಾರೆ ಗೀಟು ಹಾಕಿದವನನ್ನೂ ವ್ಯಾಖ್ಯೆ ಕೈಹಿಡಿದು ಒಳಗೆ ಕರೆದುಕೊಂಡಿತು. ಅವನು ಸೆರೆಮನೆಗೆ ಹೋಗದೆ ಉಳಿದದ್ದು ನನಗೆ ಸಂತೋಷವೇ. ಆದರೆ ಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ನಿಲ್ಲಬೇಕು. ಯಾರನ್ನೂ ಹೊರಗೆ ನಿಲ್ಲಿಸಲಾಗದ ಬಾಗಿಲನ್ನು ಬಾಗಿಲು ಎನ್ನಬಹುದೇ?

ಕಾರ್ಯಾತ್ಮಕ ವ್ಯಾಖ್ಯೆಯ ತೊಡಕು ಇರುವುದು ಇಲ್ಲಿಯೇ. ಸಮಾಜವನ್ನು ಒಗ್ಗೂಡಿಸುವುದೇ ಧರ್ಮ ಎಂದು ಮೊದಲು ವ್ಯಾಖ್ಯೆ ಬರೆದು, ಆಮೇಲೆ ಸಮೀಕ್ಷೆ ನಡೆಸಿ, ಧರ್ಮವು ಸಮಾಜವನ್ನು ಒಗ್ಗೂಡಿಸುತ್ತದೆ ಎಂದು ವರದಿ ಕೊಟ್ಟರೆ ನೀವು ಏನನ್ನೂ ಕಂಡುಹಿಡಿದಂತಾಗುವುದಿಲ್ಲ. ಮೊದಲೇ ಚೀಲದಲ್ಲಿ ಹಾಕಿದ್ದನ್ನು ಮತ್ತೆ ಹೊರಗೆ ತೆಗೆದಿದ್ದೀರಿ, ಅಷ್ಟೇ. ಧರ್ಮ ಊರನ್ನು ಒಡೆದ ಸಂದರ್ಭಗಳು ಈ ವ್ಯಾಖ್ಯೆಗೆ ಕಾಣುವುದೂ ಕಷ್ಟ. ಪೀಟರ್ ಬರ್ಗರ್ 1974ರಲ್ಲಿ ಇದೇ ದೂರನ್ನು ಇನ್ನೊಂದು ಬಗೆಯಲ್ಲಿ ಎತ್ತಿದರು. ರಾಷ್ಟ್ರಪ್ರೇಮವೂ ಧರ್ಮ, ಕ್ರಾಂತಿಯೂ ಧರ್ಮ ಎಂದು ಸೇರಿಸುತ್ತಾ ಹೋದರೆ, ಜನ ಧರ್ಮದಿಂದ ದೂರ ಸರಿಯುತ್ತಿದ್ದಾರೆಯೇ ಎಂಬ ಪ್ರಶ್ನೆಯನ್ನು ಕೇಳುವುದೇ ಸಾಧ್ಯವಾಗದು. ಗುಡಿ ಬಿಟ್ಟವನು ಎಲ್ಲಿಗೆ ಹೋದರೂ ಅಲ್ಲೊಂದು ಧರ್ಮ ಕಾದಿರುತ್ತದೆ.

ನವೆಂಬರ್ 1ರಂದು ನಿಮ್ಮ ಊರಿನ ರಾಜ್ಯೋತ್ಸವಕ್ಕೆ ಈ ಎರಡೂ ವ್ಯಾಖ್ಯೆಗಳನ್ನು ಹಿಡಿದುಕೊಂಡು ಹೋಗಿ. ತಾಯಿ ಭುವನೇಶ್ವರಿಯ ಚಿತ್ರಕ್ಕೆ ಹೂವು ಏರಿಸಿ ಮಂಗಳಾರತಿ ಎತ್ತುವುದನ್ನು ಟೈಲರ್ ಒಳಗೆ ಬಿಟ್ಟಾನು. ಅರಿಶಿನ ಕುಂಕುಮದ ಬಣ್ಣದ ಬಾವುಟವನ್ನು ಏರಿಸಿ ನಾಡಗೀತೆ ಹಾಡುವುದನ್ನು ಬಿಡುವುದಿಲ್ಲ. ಕಾರ್ಯಾತ್ಮಕ ವ್ಯಾಖ್ಯೆಗೆ ಇವೆರಡರ ನಡುವೆ ಗೆರೆ ಎಳೆಯಲು ಕಾರಣವೇ ಸಿಗದು, ಎರಡೂ ಜನರನ್ನು ಬೆಸೆಯುತ್ತವೆ. ಒಂದು ವ್ಯಾಖ್ಯೆ ಒಂದೇ ಮೆರವಣಿಗೆಯನ್ನು ಎರಡಾಗಿ ಸೀಳಿತು, ಇನ್ನೊಂದು ಸೀಳಲಾರದೆ ಹೋಯಿತು. ಮೆರವಣಿಗೆಯ ಮಟ್ಟಿಗೆ ನನಗೆ ಎರಡನೆಯದೇ ಹೆಚ್ಚು ತಿಳಿಸುತ್ತದೆ ಎನ್ನಿಸುತ್ತದೆ. ಆದರೆ ಕಾನೂನು ಬರೆಯಲು ಕುಳಿತವರಿಗೆ ನಾನು ಅದನ್ನು ಕೊಡಲಾರೆ.

ಕಾನೂನಿನ ಮಾತು ಬಂದದ್ದರಿಂದ, ಉಳಿದಿರುವ ಸ್ವಲ್ಪ ಹೊತ್ತಿನಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣವನ್ನು ಹೇಳಿಬಿಡುತ್ತೇನೆ. ಇದಕ್ಕೆ ಇನ್ನಷ್ಟು ಸಮಯ ಬೇಕಾಗಿತ್ತು. ಪರ್ಯಾಯದ ಖರ್ಚಿನಿಂದ ಮಠ ಸಾಲಕ್ಕೆ ಸಿಲುಕಿತ್ತು, ಆಗ ಉಡುಪಿ ಇದ್ದ ಮದ್ರಾಸ್ ಪ್ರಾಂತ್ಯದ ಧಾರ್ಮಿಕ ದತ್ತಿ ಆಡಳಿತ ಮಠದ ವ್ಯವಹಾರಕ್ಕೆ ಕೈ ಹಾಕಿತ್ತು, ಸ್ವಾಮಿಗಳು ನ್ಯಾಯಾಲಯಕ್ಕೆ ಹೋಗಿದ್ದರು. 1954ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರ ಎದುರು, ಸೃಷ್ಟಿಕರ್ತನೊಂದಿಗೆ ಮನುಷ್ಯನಿಗಿರುವ ಸಂಬಂಧವೇ ಧರ್ಮ ಎಂಬ 1890ರ ಅಮೆರಿಕನ್ ವ್ಯಾಖ್ಯೆ ಇತ್ತು. ಬೌದ್ಧರೂ ಜೈನರೂ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ ಎಂಬ ಕಾರಣದಿಂದ, ಅಂದರೆ ಡರ್ಕೈಮ್ ಹಿಡಿದ ಉದಾಹರಣೆಯಿಂದಲೇ, ಅವರು ಅದನ್ನು ಸಾಲದೆಂದರು. ಹಾಗೆಂದು ಕಾರ್ಯಾತ್ಮಕ ವ್ಯಾಖ್ಯೆಯ ಕಡೆಗೂ ಹೋಗಲಿಲ್ಲ. ಧರ್ಮದ ಅತ್ಯಗತ್ಯ ಭಾಗ ಯಾವುದು ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದರು. ದಿನದ ಇಂಥ ಹೊತ್ತಿಗೆ ದೇವರಿಗೆ ನೈವೇದ್ಯ ಆಗಬೇಕೆಂದು ಸಂಪ್ರದಾಯ ಹೇಳಿದರೆ, ಅದಕ್ಕೆ ಹಣ ಖರ್ಚಾಗುತ್ತದೆ ಎಂಬ ಕಾರಣಕ್ಕೆ ಅದು ಲೌಕಿಕ ವ್ಯವಹಾರವಾಗುವುದಿಲ್ಲ, ಅದು ಧರ್ಮದ ಒಳಗೇ ಇರುತ್ತದೆ. ಆದರೆ ಆ ನೈವೇದ್ಯಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬುದು ಆಸ್ತಿಯ ಆಡಳಿತಕ್ಕೆ ಸೇರಿದ್ದು, ಸರ್ಕಾರ ಕಾನೂನಿನ ಪ್ರಕಾರ ಅದನ್ನು ಹಿಡಿತದಲ್ಲಿಡಬಹುದು. ನೈವೇದ್ಯದ ಹೊತ್ತು ಬಾಗಿಲ ಒಳಗೆ ಉಳಿಯಿತು, ಅದರ ಲೆಕ್ಕದ ಪುಸ್ತಕ ಹೊರಗೆ ಉಳಿಯಿತು. ನಮಸ್ಕಾರ.