ಮೈಸೂರು ಪಾಕಿಗೆ ಎರಡು ಪುಟ

ಕೇಳುಗರಿಗೆ ನಮಸ್ಕಾರ.

ಮನೆಯ ಅಡುಗೆಗಳನ್ನೆಲ್ಲ ಬರೆದಿಟ್ಟು ಪುಸ್ತಕ ಮಾಡಬೇಕು ಅಂತಿದ್ದೀರಾ? ಹಾಗಾದರೆ ಮೊದಲು ಮೈಸೂರು ಪಾಕಿನ ಪುಟ ಮಾಡಿ ನೋಡಿ. ಸಾರು, ಪಲ್ಯ ಆದರೆ ನಡುವೆ ನಿಲ್ಲಿಸಿ ಓದಿಕೊಳ್ಳಬಹುದು. ಇಲ್ಲಿ ಹಾಗಾಗುವುದಿಲ್ಲ. ಪಾಕಕ್ಕೆ ಹಿಟ್ಟು ಬಿದ್ದ ಮೇಲೆ ಎರಡೂ ಕೈಗೆ ಕೆಲಸ. ಪುಟ ತಿರುಗಿಸಲು ಬಿಡುವೇ ಇಲ್ಲ.

ಅದಕ್ಕೇ ಎದುರುಬದುರಿನ ಎರಡು ಪುಟ ಬಳಸಿ. ಎ4 ಹಾಳೆಯ ಅರ್ಧದಷ್ಟು ದೊಡ್ಡ ಪುಟ ಸಾಕು. ಎಡಕ್ಕೆ ಸಾಮಾನು ಮತ್ತು ಫೋಟೋ, ಬಲಕ್ಕೆ ಮಾಡುವ ಕ್ರಮ. ಸ್ಪೈರಲ್ ಬೈಂಡಿಂಗ್ ಹಾಕಿಸಿದರೆ ಪುಸ್ತಕ ಕಟ್ಟೆಯ ಮೇಲೆ ತಾನಾಗಿ ಮುಚ್ಚಿಕೊಳ್ಳದೆ ಚಪ್ಪಟೆಯಾಗಿ ಕೂರುತ್ತದೆ.

ಸಾಮಾನಿನ ಪಟ್ಟಿಯಲ್ಲಿ ಗೊಂದಲ ಆಗುವುದು ಅಳತೆಯಿಂದ. ತೂಕದ ಲೆಕ್ಕ ನೋಡಿ: ಕಡಲೆಹಿಟ್ಟು 100 ಗ್ರಾಂ, ಸಕ್ಕರೆ 200, ತುಪ್ಪ 200. ಒಂದಕ್ಕೆ ಎರಡು, ಎರಡು. ಆದರೆ ಕಡಲೆಹಿಟ್ಟು ಹಗುರ. ಅದೇ ಸಾಮಾನನ್ನು ಲೋಟದಲ್ಲಿ ಅಳೆದರೆ ಮೂರೂ ಹೆಚ್ಚುಕಡಿಮೆ ಒಂದೊಂದು ಲೋಟ ಬರುತ್ತದೆ! ಸುಮ್ನೆ "ಒಂದಕ್ಕೆ ಎರಡು" ಅಂತ ಬರೆದಿಟ್ಟರೆ ಲೋಟ ಹಿಡಿದವರಿಗೆ ಸಕ್ಕರೆ, ತುಪ್ಪ ಎರಡೂ ಜಾಸ್ತಿಯಾಗುತ್ತದೆ. ಆದ್ದರಿಂದ ಗ್ರಾಂ ಬರೆಯಿರಿ. ಪಕ್ಕದಲ್ಲಿ ನಿಮ್ಮ ಮನೆಯ ಲೋಟದ ಲೆಕ್ಕವೂ ಇರಲಿ. ಪಾಕಕ್ಕೆ ಅರ್ಧ ಲೋಟ ನೀರು, ತಟ್ಟೆಗೆ ಸವರಲು ಬೇರೆಯಾಗಿ ಒಂದು ಚಮಚ ತುಪ್ಪ. ಇವನ್ನೂ ಪಟ್ಟಿಯಲ್ಲೇ ಹೇಳಬೇಕು.

ಇನ್ನು ಬಲಪುಟ. ಮೊದಲ ಮೂರು ಹೆಜ್ಜೆ ತಯಾರಿಯದ್ದು. ಒಂದು, ಹಿಟ್ಟು ಜರಡಿ ಹಿಡಿಯಿರಿ. ಎರಡು, ತಟ್ಟೆಗೆ ತುಪ್ಪ ಸವರಿ. ಮೂರು, ಉಳಿದ ತುಪ್ಪವನ್ನು ಪಕ್ಕದ ಒಲೆಯಲ್ಲಿ ಬಿಸಿಗಿಡಿ. ಇದರ ಕೆಳಗೆ ಒಂದು ದಪ್ಪ ಗೆರೆ ಎಳೆದು, "ಇಲ್ಲಿಂದ ನಿಲ್ಲಿಸಬೇಡಿ" ಅಂತ ಬರೆಯಿರಿ. ನಾಲ್ಕು, ಸಕ್ಕರೆ ಮತ್ತು ನೀರು ಕುದಿಸಿ ಒಂದೆಳೆ ಪಾಕ. ಐದು, ಹಿಟ್ಟು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ ಗಂಟಾಗದಂತೆ ತಿರುವುದು. ಆರು, ಬಿಸಿ ತುಪ್ಪ ಸೌಟು ಸೌಟಾಗಿ. ಏಳು, ತಟ್ಟೆಗೆ ಸುರಿಯುವುದು. ಎಂಟು, ಬೆಚ್ಚಗಿರುವಾಗಲೇ ಕತ್ತರಿಸುವುದು. ಗೆರೆಯ ಕೆಳಗಿನ ಅಕ್ಷರ ದೊಡ್ಡದಿರಲಿ, 14 ಪಾಯಿಂಟ್. ಒಲೆ ಮುಂದೆ ನಿಂತೇ ಓದಬೇಕಲ್ವಾ?

ಫೋಟೋ ಯಾವುದು? ತಟ್ಟೆಯಲ್ಲಿ ಜೋಡಿಸಿದ ತುಂಡುಗಳ ಚಿತ್ರವನ್ನು ಚಿಕ್ಕದಾಗಿ ಹಾಕಿ. ದೊಡ್ಡ ಜಾಗ ಬಾಣಲೆಯ ಚಿತ್ರಕ್ಕೆ ಕೊಡಿ. ಮಿಶ್ರಣ ನೊರೆನೊರೆಯಾಗಿ ಉಬ್ಬಿ, ತುಪ್ಪ ಅಂಚಿನಲ್ಲಿ ಬಿಟ್ಟುಕೊಳ್ಳುವ ಗಳಿಗೆ ಅದು. ಬೇಗ ಇಳಿಸಿದರೆ ಹಲ್ವದಂತೆ ಮೆತ್ತಗೆ, ತಡವಾದರೆ ಕಲ್ಲು. ಈ ಹದವನ್ನು ಎಷ್ಟು ಸಾಲು ಬರೆದರೂ ತಿಳಿಸುವುದು ಕಷ್ಟ. ಚಿತ್ರ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಮುದ್ರಣದವರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಚಿತ್ರ ಕುಗ್ಗಿ ಮಸುಕಾಗುತ್ತದೆ.

ಅಚ್ಚಿಗೆ ಕೊಡುವ ಮುಂಚೆ, ಮೈಸೂರು ಪಾಕ್ ಎಂದೂ ಮಾಡದವರ ಕೈಗೆ ಈ ಪುಟ ಕೊಟ್ಟು ಪಕ್ಕದಲ್ಲಿ ಸುಮ್ಮನೆ ನಿಲ್ಲಿ. ಅವರು ಎಲ್ಲಿ ನಿಮ್ಮ ಮುಖ ನೋಡಿ "ಇದೇನು?" ಅಂತ ಕೇಳುತ್ತಾರೋ, ಆ ಉತ್ತರವನ್ನು ಅದೇ ಹೆಜ್ಜೆಯಲ್ಲಿ ಸೇರಿಸಿ.

ನಮಸ್ಕಾರ.