ಆಫರ್ ಬೇಡ ಎನ್ನುವ ನಾಲ್ಕು ಸಾಲು

ನಮಸ್ಕಾರ. ಕಂಪನಿಗೆ ಬೇಕಾದ ಜನರನ್ನು ಹುಡುಕಿ ಸೇರಿಸುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಆಫರ್ ಕೊಟ್ಟ ಮೇಲೆ ಬೇಡ ಅಂದವರನ್ನು ತುಂಬಾ ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಏನೂ ಹೇಳದೆ ಸುಮ್ಮನಾಗುವವರ ಮೇಲೆ. ಸೋಮವಾರ ಬೆಳಗ್ಗೆ ಲ್ಯಾಪ್‌ಟಾಪ್ ರೆಡಿ ಇರುತ್ತದೆ, ಐಡಿ ಕಾರ್ಡ್ ಪ್ರಿಂಟ್ ಆಗಿರುತ್ತದೆ, ಸೇರಬೇಕಾದವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ.

ನಮ್ಮ ಸಾಫ್ಟ್‌ವೇರಿನಲ್ಲಿ ಅಭ್ಯರ್ಥಿಯ ಹೆಸರಿನ ಜೊತೆ ಒಂದು ಟಿಪ್ಪಣಿ ಬರೆದಿಡುತ್ತೇವೆ. ‘ಆಫರ್ ಬೇಡ ಅಂದರು’ ಅನ್ನುವುದು ಒಂದು, ‘ಒಪ್ಪಿಕೊಂಡು ಬರಲಿಲ್ಲ’ ಅನ್ನುವುದು ಇನ್ನೊಂದು. ಮೊದಲನೆಯದು ಯಾರಿಗೂ ಅಡ್ಡ ಬಂದಿದ್ದನ್ನು ನಾನು ನೋಡಿಲ್ಲ. ಎರಡನೆಯದು ನಾನು ಆ ಕಂಪನಿ ಬಿಟ್ಟ ಮೇಲೂ ಅಲ್ಲೇ ಇರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಹುಡುಗಿಗೆ ಟೆಸ್ಟಿಂಗ್ ಕೆಲಸಕ್ಕೆ ಸೋಮವಾರ ಆಫರ್ ಕಳಿಸಿದೆ. ಉತ್ತರ ಕೊಡಲು ಶುಕ್ರವಾರದವರೆಗೆ ಟೈಮ್ ಇತ್ತು. ಬುಧವಾರ ಬೆಳಗ್ಗೆ ಅವಳೇ ಫೋನ್ ಮಾಡಿದಳು. ‘ಮೇಡಂ, ಬೇರೆ ಕಡೆ ಒಪ್ಪಿಕೊಳ್ಳುತ್ತಿದ್ದೇನೆ. ನಿಮಗೆ ಮೊದಲು ಬಾಯಿಮಾತಲ್ಲಿ ಹೇಳಬೇಕು ಅನ್ನಿಸಿತು’ ಅಂದಳು. ಎರಡು ನಿಮಿಷದ ಮಾತು, ಅಷ್ಟೇ. ಹಿಂದೆಯೇ ಮೇಲ್ ಬಂತು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

‘ಟೆಸ್ಟಿಂಗ್ ಕೆಲಸದ ಆಫರಿಗೆ ಧನ್ಯವಾದ, ಆದರೆ ಯೋಚಿಸಿ ನೋಡಿದೆ, ಈ ಆಫರನ್ನು ನಾನು ಒಪ್ಪಿಕೊಳ್ಳುತ್ತಿಲ್ಲ. ಆಟೊಮೇಷನ್ ಕೆಲಸವೇ ಜಾಸ್ತಿ ಇರುವ ಕಡೆ ಸೇರುತ್ತಿದ್ದೇನೆ. ಎರಡನೇ ಸುತ್ತಿನಲ್ಲಿ ನಿಮ್ಮ ಮ್ಯಾನೇಜರ್ ಪೇಮೆಂಟ್ ಟೀಮ್ ಬಗ್ಗೆ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಮುಂದಿನ ವರ್ಷ ಆ ಟೀಮಿಗೆ ಆಟೊಮೇಷನ್ ಮಾಡುವವರು ಬೇಕಾದರೆ ದಯವಿಟ್ಟು ನನಗೆ ತಿಳಿಸಿ.’

ಈ ಮೇಲ್‌ನಲ್ಲಿ ಎಲ್ಲಕ್ಕಿಂತ ಬೆಲೆ ಬಾಳಿದ್ದು ಅದು ಬಂದ ದಿನ. ನಮ್ಮ ಹತ್ತಿರ ಯಾವಾಗಲೂ ಎರಡನೇ ಹೆಸರೊಂದು ಇರುತ್ತದೆ. ಆ ಸಲ ಎರಡನೇ ಹುಡುಗ ಗುರುವಾರದೊಳಗೆ ಇನ್ನೊಂದು ಕಂಪನಿಗೆ ಉತ್ತರ ಕೊಡಬೇಕಿತ್ತು. ಬುಧವಾರವೇ ಅವನಿಗೆ ಫೋನ್ ಮಾಡಿದೆ, ಸಿಕ್ಕಿದ. ಅವಳು ಶುಕ್ರವಾರ ಸಂಜೆವರೆಗೆ ಎಳೆದಿದ್ದರೆ ಅವನೂ ಕೈ ತಪ್ಪುತ್ತಿದ್ದ. ಮತ್ತೆ ಮೊದಲಿಂದ ಇಂಟರ್ವ್ಯೂ. ನಮ್ಮೂರಲ್ಲಿ ನೋಟಿಸ್ ಪೀರಿಯಡ್ ಎಷ್ಟೋ ಕಡೆ ಮೂರು ತಿಂಗಳು ಇರುತ್ತದೆ, ಅಲ್ವಾ? ಎರಡು ದಿನ ತಡವಾದರೆ ಆ ಕುರ್ಚಿ ಇನ್ನೂ ನಾಲ್ಕು ತಿಂಗಳು ಖಾಲಿ. ಮ್ಯಾನೇಜರ್ ನೆನಪಿಟ್ಟುಕೊಂಡಿದ್ದು ಈ ಉಪಕಾರವನ್ನೇ.

ಇನ್ನು ಕೊನೆಯ ಸಾಲು. ‘ಮುಂದೆ ಅವಕಾಶವಿದ್ದರೆ ತಿಳಿಸಿ’ ಅಂತ ಎಲ್ಲರೂ ಬರೆಯುತ್ತಾರೆ. ಅದನ್ನು ಓದಿ ನಾನು ಏನು ಮಾಡಲಿ? ಯಾವ ಅವಕಾಶ, ಯಾವಾಗ? ಅವಳು ಟೀಮಿನ ಹೆಸರು ಹೇಳಿದಳು, ಕೆಲಸದ ಹೆಸರು ಹೇಳಿದಳು, ಸುಮಾರು ಯಾವಾಗ ಅಂತಲೂ ಹೇಳಿದಳು. ಅದನ್ನು ಹಾಗೇ ಟಿಪ್ಪಣಿಯಲ್ಲಿ ಬರೆದುಕೊಂಡೆ. ಆಮೇಲೆ ‘ಆಟೊಮೇಷನ್, ಪೇಮೆಂಟ್’ ಅಂತ ಹುಡುಕಿದರೆ ಅವಳ ಹೆಸರು ಬರಬೇಕು. ಅಂಥ ಟೀಮ್ ಯಾವುದೂ ನಿಮಗೆ ನಿಜವಾಗಿ ಇಷ್ಟವಾಗಿಲ್ಲದಿದ್ದರೆ ಆ ಸಾಲೇ ಬೇಡ, ಧನ್ಯವಾದಕ್ಕೆ ನಿಲ್ಲಿಸಿ.

ಕಾರಣಕ್ಕೆ ಅರ್ಧ ಸಾಲು ಸಾಕು. ಆದರೆ ಅದು ನಿಜವಾಗಿರಲಿ. ‘ಅಮ್ಮನಿಗೆ ಹುಷಾರಿಲ್ಲ, ಸದ್ಯಕ್ಕೆ ಕೆಲಸ ಬದಲಿಸುವುದಿಲ್ಲ’ ಅಂತ ಒಬ್ಬರು ಬರೆದಿದ್ದರು. ನಾನು ಮರುಗಿದೆ, ಏನಾದರೂ ಸಹಾಯ ಬೇಕಾ ಅಂತ ಕೇಳಿದೆ. ಮುಂದಿನ ತಿಂಗಳು ಲಿಂಕ್ಡ್‌ಇನ್‌ನಲ್ಲಿ ಹೊಸ ಕಂಪನಿಯ ಬ್ಯಾಗ್ ಹಾಕಿಕೊಂಡ ಫೋಟೊ ಬಂತು. ಹೇಳಲು ಇಷ್ಟವಿಲ್ಲದಿದ್ದರೆ ‘ಬೇರೆ ಕಡೆ ಒಪ್ಪಿಕೊಂಡಿದ್ದೇನೆ’ ಅನ್ನಿ, ನಾವು ಕೆದಕುವುದಿಲ್ಲ.

ಸಂಬಳ ಕಡಿಮೆಯಾಗಿದ್ದರೆ ಬೇಡ ಅನ್ನುವ ಮೊದಲೇ ಮಾತಾಡಿ. ಬೇಡ ಅಂತ ಮೇಲ್ ಹಾಕಿ, ನಾವು ಇನ್ನಷ್ಟು ಏರಿಸುತ್ತೇವಾ ಅಂತ ಕಾಯುವವರಿದ್ದಾರೆ. ಒಂದೊಂದು ಸಲ ಏರಿಸುತ್ತೇವೆ ಕೂಡ. ಆದರೆ ಅವರ ಮುಂದಿನ ‘ಬೇಡ’ವನ್ನು ಯಾರೂ ನಂಬುವುದಿಲ್ಲ.

ಇನ್ನೊಂದು ಮಾತು. ಗೆಳೆಯರು ರೆಫರ್ ಮಾಡಿದ್ದರೆ ನನಗಿಂತ ಮೊದಲು ಅವರಿಗೆ ಹೇಳಿ. ಕ್ಯಾಂಟೀನಿನಲ್ಲಿ ಮ್ಯಾನೇಜರ್ ಬಾಯಲ್ಲಿ ಅವರಿಗೆ ಗೊತ್ತಾಗಬಾರದು. ಕನ್ಸಲ್ಟೆನ್ಸಿ ಮೂಲಕ ಬಂದಿದ್ದರೆ ಅವರಿಗೂ ಒಂದು ಫೋನ್ ಮಾಡಿ. ಸಾಮಾನ್ಯವಾಗಿ ನೀವು ಸೇರಿದರಷ್ಟೇ ಅವರಿಗೆ ದುಡ್ಡು.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಹದಿನಾಲ್ಕು ತಿಂಗಳಾದ ಮೇಲೆ ಪೇಮೆಂಟ್ ಟೀಮಿನಲ್ಲಿ ಒಂದು ಜಾಗ ಖಾಲಿಯಾಯಿತು. ನಾನು ಟಿಪ್ಪಣಿ ತೆಗೆಯುವ ಮೊದಲೇ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು ಕೇಳಿದರು: ‘ಬುಧವಾರ ಫೋನ್ ಮಾಡಿದ್ದಳಲ್ಲ, ಆ ಹುಡುಗಿ ಈಗ ಎಲ್ಲಿದ್ದಾಳೆ?’