ಚಾಟ್ ಅಳಿಸ್ತೀವಿ ಅಂತಾರೆ, ಯಾವತ್ತಿಂದ ಲೆಕ್ಕ?

"ಮಕ್ಕಳ ಮೆಸೇಜ್‌ಗಳನ್ನು ಶೈಕ್ಷಣಿಕ ವರ್ಷ ಮುಗಿದ 90 ದಿನಗಳಲ್ಲಿ ಅಳಿಸಲಾಗುವುದು." ಇವತ್ತಿನ ಎಪಿಸೋಡ್ ಪೂರ್ತಿ ಹೆಚ್ಚುಕಮ್ಮಿ ಈ ಒಂದು ಸಾಲಿನ ಬಗ್ಗೆ ಕಣ್ರೀ.

ಮಂಡ್ಯದ ಒಂದು ಪ್ರೈವೇಟ್ ಸ್ಕೂಲು, ಹೆಸರು ಬೇಡ, ಕ್ಲಾಸಲ್ಲಿ ಬಳಸೋ ಚಾಟ್ ಟೂಲ್ ಬಗ್ಗೆ ಪೇರೆಂಟ್ಸ್‌ಗೆ ಎರಡು ಪುಟದ ಲೆಟರ್ ಕೊಟ್ಟಿದೆ. ನಮ್ ಕೇಳುಗರೊಬ್ರು ಅದನ್ನ ಕಳಿಸಿ "ಅಣ್ಣ, ಸೈನ್ ಹಾಕ್ಲಾ ಬೇಡ್ವಾ" ಅಂತ ಕೇಳಿದಾರೆ. ಲೆಟರ್ ಪೂರ್ತಿ ಇಂಗ್ಲಿಷಲ್ಲಿದೆ, ನಾನು ಕನ್ನಡದಲ್ಲಿ ಹೇಳ್ತಿದೀನಿ. ಮೊದಲೇ ಹೇಳ್ಬಿಡ್ತೀನಿ, ಬೈಯ್ಯೋಕೆ ಅಂತ ಈ ವಿಡಿಯೋ ಮಾಡ್ತಿಲ್ಲ. ಎಷ್ಟೋ ಸ್ಕೂಲ್‌ಗಳು ಒಂದು ಲಿಂಕ್ ಕಳಿಸಿ "ಆಪ್ ಹಾಕ್ಕೊಳಿ" ಅಂದು ಸುಮ್ನಾಗ್ತಾರೆ, ಇವ್ರು ಕೂತ್ಕೊಂಡು ಏನೇನು ಸ್ಟೋರ್ ಆಗುತ್ತೆ, ಎಷ್ಟು ದಿನ ಇರುತ್ತೆ ಅಂತ ಬರ್ದಿದಾರೆ, ಮರ್ಯಾದೆ ಕೊಡೋ ಕೆಲಸನೇ. ಆದ್ರೆ ಬರೆದಿರೋ ನಂಬರ್‌ಗಳನ್ನ ಕ್ಯಾಲೆಂಡರ್ ಮುಂದೆ ಇಟ್ಕೊಂಡು ಲೆಕ್ಕ ಹಾಕಿದ್ರೆ, ಓದೋವಾಗ ನಮಗೆ ಅನ್ಸೋದೇ ಒಂದು, ಆಗೋದೇ ಒಂದು.

ಲೆಟರಲ್ಲಿ ಇರೋದು ಇಷ್ಟು. ಮಗುವಿನ ಹೆಸರು, ಕ್ಲಾಸು, ಸ್ಕೂಲ್ ಇಮೇಲ್ ಐಡಿ, ಕಳಿಸಿದ ಮೆಸೇಜು, ಫೋಟೋ, ವಾಯ್ಸ್ ನೋಟು, ಇದೆಲ್ಲ ಸ್ಟೋರ್ ಆಗುತ್ತೆ. ಜೊತೆಗೆ "ತಾಂತ್ರಿಕ ಮಾಹಿತಿ" ಅಂತ ಎರಡೇ ಪದ. ಈ ಎರಡು ಪದದೊಳಗೆ ಏನಿರುತ್ತೆ ಅಂದ್ರೆ, ಮಗು ಎಷ್ಟು ಗಂಟೆಗೆ ಲಾಗಿನ್ ಆಯ್ತು, ಯಾವ ಫೋನಿಂದ, ಯಾವ ಐಪಿ ಅಡ್ರೆಸ್‌ನಿಂದ, ಕೆಲವು ಟೂಲಲ್ಲಿ ಯಾವ ಮೆಸೇಜನ್ನ ಯಾವಾಗ ನೋಡ್ತು ಅನ್ನೋದೂ ಇರುತ್ತೆ. ಮಗು ಒಂದಕ್ಷರ ಟೈಪ್ ಮಾಡ್ದೇ ಇದ್ರೂ ಇದು ದಾಖಲಾಗ್ತಾನೇ ಇರುತ್ತೆ, ರಾತ್ರಿ ಹನ್ನೊಂದೂವರೆಗೆ ಎದ್ದಿತ್ತು ಅಂತ ಗೊತ್ತಾಗೋಕೆ ಅಷ್ಟು ಸಾಕು. ಅದನ್ನ ಬಿಡಿಸಿ ಬರೀಬೇಕಿತ್ತು.

ಇನ್ನು ಅವಧಿ. ಮೆಸೇಜ್‌ಗಳು ವರ್ಷ ಮುಗಿದ 90 ದಿನಕ್ಕೆ ಅಳಿಸ್ತಾರೆ. ಮಗುನೇ ಡಿಲೀಟ್ ಮಾಡಿದ ಮೆಸೇಜು ಅಡ್ಮಿನ್ ಹತ್ರ 30 ದಿನ ಇರುತ್ತೆ. ಬ್ಯಾಕಪ್ 180 ದಿನ. ಅಷ್ಟೇ.

ಈಗ ಒಂದು ಉದಾಹರಣೆ ತಗೊಳೋಣ. ಏಳನೇ ಕ್ಲಾಸ್ ಹುಡುಗಿ ಒಬ್ಳು, ಆಗಸ್ಟ್ 12ರ ರಾತ್ರಿ ಗಣಿತದ ಡೌಟ್ ಕೇಳೋಕೆ ಅಂತ ನೋಟ್‌ಬುಕ್ ಫೋಟೋ ತೆಗ್ದು ಕ್ಲಾಸ್ ಗ್ರೂಪಿಗೆ ಹಾಕ್ತಾಳೆ ಅಂತ ಇಟ್ಕೊಳಿ. ಪಕ್ಕದಲ್ಲಿ ಅಮ್ಮನ ಡಾಕ್ಟರ್ ಚೀಟಿ ಬಿದ್ದಿರುತ್ತೆ, ಅದೂ ಫೋಟೋದಲ್ಲಿ ಬಂದ್ಬಿಡುತ್ತೆ, ಹೆಸರು, ಔಷಧಿ ಎಲ್ಲ ಕಾಣ್ಸುತ್ತೆ. ಎರಡು ನಿಮಿಷಕ್ಕೆ ಗೊತ್ತಾಗಿ ಡಿಲೀಟ್ ಮಾಡ್ತಾಳೆ. ಗ್ರೂಪಲ್ಲಿ "ಈ ಮೆಸೇಜ್ ಅಳಿಸಲಾಗಿದೆ" ಅಂತ ಬರುತ್ತೆ, ಅವಳ ಪಾಲಿಗೆ ವಿಷಯ ಅಲ್ಲಿಗೆ ಮುಗೀತು.

ಆದ್ರೆ ಲೆಟರ್ ಪ್ರಕಾರ ಮುಗಿದಿಲ್ಲ. ಅಡ್ಮಿನ್ ಕಡೆ ಆ ಫೋಟೋ ಸೆಪ್ಟೆಂಬರ್ 11ರ ತನಕ ಇರುತ್ತೆ, ಬೇಕಂದ್ರೆ ತೆಗೆದು ನೋಡ್ಬಹುದು. ಇದು ತಪ್ಪು ಅಂತ ನಾನು ಹೇಳಲ್ಲ, ಯಾರಾದ್ರೂ ಒಂದು ಮಗುಗೆ ಕೆಟ್ಟದಾಗಿ ಬರ್ದು ಐದು ನಿಮಿಷಕ್ಕೆ ಅಳಿಸಿದ್ರೆ ಸ್ಕೂಲಿಗೆ ಸಾಕ್ಷಿ ಬೇಕಲ್ವಾ. ಅಲ್ಲಿಂದ ಮುಂದೆ ಬ್ಯಾಕಪ್ 180 ದಿನ. ಸೆಪ್ಟೆಂಬರ್ 11ಕ್ಕೆ 180 ಸೇರಿಸಿದ್ರೆ ಮಾರ್ಚ್ 10, ಅಂದ್ರೆ ಆಗಸ್ಟಲ್ಲಿ ಎರಡೇ ನಿಮಿಷ ಇದ್ದ ಫೋಟೋ ಪರೀಕ್ಷೆ ಹತ್ರ ಬರೋವರೆಗೂ ಯಾವುದೋ ಸರ್ವರಲ್ಲಿ ಇರುತ್ತೆ.

ಬ್ಯಾಕಪ್ ಅಂದ ತಕ್ಷಣ ಗಾಬರಿ ಬೀಳ್ಬೇಡಿ, ಅದನ್ನ ಯಾರೂ ದಿನಾ ತೆಗ್ದು ಓದಲ್ಲ, ಸಾಮಾನ್ಯವಾಗಿ ಒಂದೊಂದೇ ಮೆಸೇಜ್ ಹುಡುಕೋ ಥರ ಅದು ಇರೋದೂ ಇಲ್ಲ, ಹಳೇದರ ಮೇಲೆ ಹೊಸದು ಬರ್ಕೊಂಡು ಹೋಗುತ್ತೆ. ಗೂಗಲ್ ಕೂಡ, ಡಿಲೀಟ್ ಮಾಡಿದ ಡೇಟಾ ಚಾಲ್ತಿ ಸಿಸ್ಟಮ್‌ಗಳಿಂದ ಹೋಗೋಕೆ ಸುಮಾರು 2 ತಿಂಗಳು, ಬ್ಯಾಕಪ್‌ನಲ್ಲಿ 6 ತಿಂಗಳವರೆಗೆ ಇರಬಹುದು ಅಂತ ತನ್ನ ಪಾಲಿಸಿಲೇ ಹೇಳ್ಕೊಂಡಿದೆ. ಸಮಸ್ಯೆ ಬರೋದು ಸರ್ವರ್ ಕೆಟ್ಟಾಗ. ಬ್ಯಾಕಪ್‌ನಿಂದ ವಾಪಸ್ ತಂದ್ರೆ, ಆ ಬ್ಯಾಕಪ್ ತಗೊಂಡ ಮೇಲೆ ಡಿಲೀಟ್ ಆದದ್ದೂ ಅದರ ಜೊತೆ ವಾಪಸ್ ಬರುತ್ತೆ, ಡಿಲೀಟ್ ಲಿಸ್ಟ್ ಬೇರೆ ಇಟ್ಕೊಂಡು ಮತ್ತೆ ಓಡಿಸಿದ್ರೆ ಮಾತ್ರ ಹೋಗುತ್ತೆ. ಒಂದಿನ ಬೆಳಿಗ್ಗೆ ಹಳೇ ಫೋಟೋ ಗ್ರೂಪಲ್ಲಿ ಮತ್ತೆ ಪ್ರತ್ಯಕ್ಷ ಆದ್ರೆ ಆಗಿರೋದು ಇದೇ ಅಂತ ತಿಳ್ಕೊಳಿ.

ಈಗ ಅವಳು ಡಿಲೀಟ್ ಮಾಡ್ಲೇ ಇಲ್ಲ ಅನ್ಕೊಳಿ, ಚೀಟಿ ಕಂಡಿರೋದೇ ಗೊತ್ತಾಗ್ಲಿಲ್ಲ. ಆಗ "ಶೈಕ್ಷಣಿಕ ವರ್ಷ ಮುಗಿದ 90 ದಿನ" ಅನ್ನೋ ಸಾಲು ಕೆಲ್ಸ ಮಾಡುತ್ತೆ. ವರ್ಷ ಮುಗಿಯೋದು ಯಾವತ್ತು ಸ್ವಾಮಿ? ನಮ್ ಕಡೆ ಏಪ್ರಿಲ್ 10ಕ್ಕೆ ಕ್ಲಾಸ್ ಮುಗಿದು ಬೇಸಿಗೆ ರಜೆ ಶುರು. ಆದ್ರೆ ಆಫೀಸ್ ದಾಖಲೆಯಲ್ಲಿ ವರ್ಷ ಮೇ 31ರ ತನಕ ಅಂತ ಹಿಡಿಯೋರೂ ಇದಾರೆ. ಏಪ್ರಿಲ್ 10ರಿಂದ ಎಣಿಸಿದ್ರೆ ಜುಲೈ 9, ಮೇ 31ರಿಂದ ಎಣಿಸಿದ್ರೆ ಆಗಸ್ಟ್ 29. ಐವತ್ತೊಂದು ದಿನ ವ್ಯತ್ಯಾಸ, ಲೆಟರಲ್ಲಿ ಯಾವ್ದು ಅಂತ ಇಲ್ಲ. ಹೋಗ್ಲಿ, ಬೇಗ ಬರೋ ದಿನಾನೇ ತಗೊಳೋಣ, ಜುಲೈ 9. ಅದರ ಮೇಲೆ ಬ್ಯಾಕಪ್ 180 ದಿನ, ಮುಂದಿನ ವರ್ಷ ಜನವರಿ 5. ಆಗಸ್ಟ್ 12ಕ್ಕೆ ಹಾಕಿದ ಫೋಟೋ ಪೂರ್ತಿ ಹೋಗೋಕೆ ಹತ್ತತ್ರ ಹದಿನೇಳು ತಿಂಗಳು! 90 ದಿನ ಅಂತ ಓದಿದ ಅಪ್ಪಅಮ್ಮನ ತಲೇಲಿ ಇರೋದು ಮೂರು ತಿಂಗಳು. ಸ್ಕೂಲ್ ಸುಳ್ಳು ಹೇಳಿಲ್ಲ, ಯಾವತ್ತಿಂದ ಅಂತ ಹೇಳಿಲ್ಲ, ಯಾವ ಕಾಪಿ ಅಂತಾನೂ ಹೇಳಿಲ್ಲ, ಅಷ್ಟೇ.

ಮಧ್ಯದಲ್ಲಿ ಟಿಸಿ ತಗೊಂಡು ಹೋಗೋ ಮಕ್ಕಳ ಕಥೆ ಇನ್ನೊಂದು. ಅಪ್ಪಂಗೆ ಮೈಸೂರಿಗೆ ಟ್ರಾನ್ಸ್‌ಫರ್ ಆಯ್ತು, ನವೆಂಬರಲ್ಲಿ ಸ್ಕೂಲ್ ಬದ್ಲಾಯ್ತು. ಅಕೌಂಟ್ ಕ್ಲೋಸ್ ಮಾಡ್ತೀವಿ ಅಂತ ಲೆಟರಲ್ಲಿದೆ, ಸರಿ. ಆದ್ರೆ ಬಹಳಷ್ಟು ಟೂಲ್‌ಗಳಲ್ಲಿ ಅಕೌಂಟ್ ಹೋದ್ರೂ ಗ್ರೂಪಿಗೆ ಹಾಕಿದ ಮೆಸೇಜ್ ಗ್ರೂಪಲ್ಲೇ ಉಳಿಯುತ್ತೆ, ಯಾಕಂದ್ರೆ ಅದು ಗ್ರೂಪಿನ ಮಾತುಕತೆ ಅಂತ ಲೆಕ್ಕ. ಹುಡುಗ ಮೈಸೂರಲ್ಲಿ, ಅವನ ಮೆಸೇಜ್ ಮಂಡ್ಯದಲ್ಲಿ, ವರ್ಷ ಮುಗಿದ 90 ದಿನದ ಲೆಕ್ಕಕ್ಕೆ ಕಾಯ್ತಾ ಕೂತಿರುತ್ತೆ.

ಕಾನೂನು ಏನನ್ನುತ್ತೆ ಅಂತ ಕೇಳ್ತೀರ, ಗೊತ್ತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂತು, ಅದರ ರೂಲ್ಸ್ 2025ರ ನವೆಂಬರಲ್ಲಿ ಬಂತು, ಸ್ಕೂಲ್‌ಗಳಿಗೆ ತಟ್ಟೋ ಮುಖ್ಯ ಭಾಗ ಜಾರಿಗೆ ಬರೋದು 2027ರ ಮೇ ಹೊತ್ತಿಗೆ. ಅದರಲ್ಲಿ 18 ತುಂಬದೋರೆಲ್ಲ ಮಕ್ಕಳೇ, ಪಿಯುಸಿ ಹುಡುಗರೂ ಸೇರಿ. ಮಕ್ಕಳ ಡೇಟಾಗೆ ಪೇರೆಂಟ್ಸ್ ಒಪ್ಪಿಗೆ ಬೇಕು ಅಂತ ಇದೆ, ಆದ್ರೆ ಪಾಠಕ್ಕೆ ಸಂಬಂಧಪಟ್ಟ ಕೆಲಸಕ್ಕೆ, ಮಕ್ಕಳ ಸುರಕ್ಷತೆಗೆ ಅಂತ ಮಕ್ಕಳ ಮೇಲೆ ನಿಗಾ ಇಡೋ ವಿಷಯದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯ್ತಿನೂ ಕೊಟ್ಟಿದಾರೆ. ಹಾಗಾಗಿ "ನನ್ ಸೈನ್ ಇಲ್ದೆ ಏನೂ ಮಾಡೋ ಹಾಗಿಲ್ಲ" ಅಂತ ಮೀಟಿಂಗಲ್ಲಿ ಟೇಬಲ್ ಕುಟ್ಟಬೇಡಿ, ಅಷ್ಟು ಸೀದಾ ಇಲ್ಲ ಅದು.

ಇನ್ನೊಂದು ತಮಾಷೆ ಕೇಳಿ. ಅದೇ ರೂಲ್ಸಲ್ಲಿ, ಡೇಟಾನೂ, ಅದನ್ನ ಯಾವಾಗ ಏನು ಮಾಡಿದ್ರು ಅನ್ನೋ ಲಾಗ್ ದಾಖಲೆನೂ ಕನಿಷ್ಠ ಒಂದು ವರ್ಷ ಇಟ್ಕೋಬೇಕು, ಸರ್ಕಾರ ಕೆಲವು ಕಾರಣಕ್ಕೆ ಕೇಳ್ಬಹುದು ಅಂತ ಒಂದು ನಿಯಮ ಇದೆ. ಅದು ಜಾರಿಗೆ ಬಂದ್ಮೇಲೆ "ಡಿಲೀಟ್ ಮಾಡಿದ್ದು 30 ದಿನ" ಅನ್ನೋ ಸಾಲನ್ನ ಇದೇ ಸ್ಕೂಲ್ ತಿದ್ದಬೇಕಾಗಿ ಬರಬಹುದು. ಕಾಯ್ದೆ ಬಂತು, ನಮ್ ಮಕ್ಕಳ ಡೇಟಾ ಬೇಗ ಅಳಿಯುತ್ತೆ ಅಂತ ಖುಷಿಪಟ್ಟೋರಿಗೆ ಇದು ಸ್ವಲ್ಪ ಕಹಿ, ನನಗೂ ಈ ನಿಯಮ ಇಷ್ಟ ಆಗಿಲ್ಲ.

ಭಾಷೆ ವಿಷಯದಲ್ಲಿ ಮಾತ್ರ ಕಾಯ್ದೆ ನಮ್ ಪರ ಇದೆ. ಒಪ್ಪಿಗೆ ಕೇಳೋ ನೋಟಿಸನ್ನ ಇಂಗ್ಲಿಷಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರೋ ಯಾವುದೇ ಭಾಷೆಲಿ ಓದೋ ಆಯ್ಕೆ ಕೊಡ್ಬೇಕು, ಕನ್ನಡ ಅದರಲ್ಲಿದೆ. ಮಂಡ್ಯದಲ್ಲಿ ಗದ್ದೆ ಕೆಲ್ಸ ಮುಗಿಸ್ಕೊಂಡು ಬಂದು ಡೈರಿ ಸೈನ್ ಹಾಕೋ ಅಪ್ಪಂಗೆ ಇಂಗ್ಲಿಷಲ್ಲಿ "ಟೆಕ್ನಿಕಲ್ ಇನ್ಫರ್ಮೇಷನ್" ಅಂತ ಕೊಟ್ರೆ ಅವ್ರು ಮಗನ್ನೇ ಕೇಳ್ತಾರೆ "ಏನ್ಲಾ ಇದು", ಮಗ ಹೇಳ್ತಾನೆ "ಏನಿಲ್ಲ ಅಪ್ಪಾಜಿ, ಸೈನ್ ಹಾಕು". ಯಾರ ಡೇಟಾ ಬಗ್ಗೆ ಲೆಟರೋ ಅವನೇ ಟ್ರಾನ್ಸ್‌ಲೇಟರು!

ನಾನಾಗಿದ್ರೆ ಆ ಪ್ಯಾರಾ ಹಿಂಗ್ ಬರೀತಿದ್ದೆ: "ನಿಮ್ಮ ಮಗು ಜೂನ್‌ನಿಂದ ಏಪ್ರಿಲ್‌ವರೆಗೆ ಕಳಿಸಿದ ಮೆಸೇಜ್ ಮತ್ತು ಫೋಟೋಗಳನ್ನು ಜುಲೈ 9ರಂದು ಗ್ರೂಪಿನಿಂದ ತೆಗೆಯುತ್ತೇವೆ. ಬ್ಯಾಕಪ್ ಪ್ರತಿ ಮುಂದಿನ ಜನವರಿ 5ರವರೆಗೆ ಇರುತ್ತದೆ, ಅದನ್ನು ಸರ್ವರ್ ಕೆಟ್ಟಾಗ ಮಾತ್ರ ತೆರೆಯುತ್ತೇವೆ. ಮಗು ತಾನೇ ಅಳಿಸಿದ ಮೆಸೇಜನ್ನು 30 ದಿನದವರೆಗೆ ಮುಖ್ಯ ಶಿಕ್ಷಕರು ಮತ್ತು ಕಂಪ್ಯೂಟರ್ ಶಿಕ್ಷಕರು ಇಬ್ಬರೇ ನೋಡಬಹುದು, ನೋಡಿದರೆ ನಿಮಗೆ ತಿಳಿಸುತ್ತೇವೆ. ಮಧ್ಯದಲ್ಲಿ ಟಿಸಿ ತೆಗೆದುಕೊಂಡರೆ, ಗ್ರೂಪಿನಲ್ಲಿರುವ ನಿಮ್ಮ ಮಗುವಿನ ಮೆಸೇಜ್‌ಗಳನ್ನೂ ತೆಗೆಯಿರಿ ಎಂದು ಆಫೀಸಿನಲ್ಲಿ ಬರೆದುಕೊಡಿ." ನಾಲ್ಕೈದು ಸಾಲು, ಅಷ್ಟೇ. ದಿನಾಂಕನೇ ಹಾಕಿದ್ರೆ ಯಾರೂ ಎಣಿಸ್ತಾ ಕೂರೋದು ಬೇಡ, ಜುಲೈ 10ಕ್ಕೆ ಮಗುವಿನ ಫೋನ್ ತೆಗ್ದು ನೋಡಿದ್ರೆ ಸಾಕು, ಮೆಸೇಜ್ ಇನ್ನೂ ಇದ್ರೆ ಅವ್ರು ಅಳಿಸಿಲ್ಲ ಅಂತ.

ಲೆಟರಲ್ಲಿ ಇಲ್ಲವೇ ಇಲ್ಲದ ಒಂದು ವಿಷಯ ಇದೆ, ಅದೇ ನಂಗೆ ಜಾಸ್ತಿ ಚಿಂತೆ. ಟೂಲಲ್ಲಿ ಏನೋ ನಡೆದ್ರೆ ಮಿಸ್ಸು ಸ್ಕ್ರೀನ್‌ಶಾಟ್ ತೆಗೀತಾರೆ, ಅದನ್ನ ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ, ಅಲ್ಲಿಂದ ಅದು ಹತ್ತಾರು ಫೋನಿನ ಗ್ಯಾಲರಿಗೆ ಹೋಗುತ್ತೆ. ಈ 90, 30, 180 ಯಾವ್ದೂ ಅದಕ್ಕೆ ಅನ್ವಯ ಆಗಲ್ಲ, ಟೂಲ್ ಕಂಪನಿಗೆ ಅದು ಇರೋದೇ ಗೊತ್ತಿರಲ್ಲ. "ಟೂಲಿನ ಮೆಸೇಜನ್ನ ಟೂಲ್ ಹೊರಗೆ ಒಯ್ಯಲ್ಲ, ದೂರು ಇದ್ರೆ ಅದರೊಳಗೇ ರಿಪೋರ್ಟ್ ಬಟನ್ ಒತ್ತಬೇಕು" ಅಂತ ಟೀಚರ್‌ಗಳಿಗೆ ಒಂದು ನಿಯಮ ಮಾಡಿ, ಅದನ್ನೂ ಲೆಟರಲ್ಲಿ ಬರೀಬೇಕು. ಡಿಲೀಟ್ ದಿನಾಂಕ ಎಷ್ಟೇ ನೀಟಾಗಿ ಬರೆದ್ರೂ ಇದಿಲ್ದಿದ್ರೆ ಅರ್ಧ ಕೆಲ್ಸನೇ.

ಈಗ ಸೈನ್ ಪ್ರಶ್ನೆ. ಲೆಟರ್ ಕೆಳಗೆ ಕತ್ತರಿಸಿ ಕೊಡೋ ಚೀಟಿಲಿ "ನನಗೆ ಒಪ್ಪಿಗೆ ಇದೆ" ಅಂತ ಒಂದೇ ಸಾಲು ಇದೆ, "ಇಲ್ಲ" ಅನ್ನೋಕೆ ಜಾಗಾನೇ ಇಲ್ಲ, ಇಲ್ಲ ಅಂದ ಮಗುಗೆ ಹೋಮ್‌ವರ್ಕ್ ಹೆಂಗೆ ಸಿಗುತ್ತೆ ಅಂತಾನೂ ಇಲ್ಲ. ಹಾಗಾಗಿ ಕೇಳಿದೋರಿಗೆ ನನ್ನ ಉತ್ತರ: ಸೈನ್ ಹಾಕಿ, ಆದ್ರೆ ಮೊದ್ಲು ಚೀಟಿ ಹಿಂದೆ ಮೂರು ಪ್ರಶ್ನೆ ಬರ್ದು ಕಳಿಸಿ, ವರ್ಷ ಮುಗಿಯೋ ದಿನಾಂಕ ಯಾವ್ದು, ಅಳಿಸಿದ ಮೆಸೇಜ್ ಯಾರ್ಯಾರು ನೋಡ್ಬಹುದು, ಒಪ್ಪದಿದ್ರೆ ಹೋಮ್‌ವರ್ಕ್ ಡೈರಿಲಿ ಬರೆಸ್ತೀರಾ. ಟೂಲ್ ಕಂಪನಿನ ಕೇಳಿ ಅಂತ ಅವ್ರು ನಿಮ್ಮನ್ನ ಅತ್ತ ಕಳಿಸಿದ್ರೆ ಒಪ್ಕೋಬೇಡಿ, ಟೂಲ್ ಆರಿಸಿದ್ದು ಸ್ಕೂಲು, ಯಾತಕ್ಕೆ ಬಳಸ್ಬೇಕು ಅಂತ ತೀರ್ಮಾನ ಮಾಡಿದ್ದೂ ಸ್ಕೂಲು, ಉತ್ತರ ಕೊಡ್ಬೇಕಾದ್ದೂ ಹೆಚ್ಎಂ ಅವ್ರೇ. ಉತ್ತರ ಬಂದ್ರೆ ನಂಗೂ ಕಳಿಸಿ, ಸ್ಕೂಲ್ ಹೆಸರು ಮರೆಮಾಡಿ ಓದ್ತೀನಿ.